ಬ್ಯಾಗಿನ ಲೀಟರ್ ಲೆಕ್ಕ: ವಿವರಣೆ ಬರೆಯುವ ಮುಂಚೆ ನಾನು ಅಳೆಯುವ ರೀತಿ

ಬ್ಯಾಗು, ಸೂಟ್‌ಕೇಸುಗಳಿಗೆ ಮಾರಾಟದ ವಿವರಣೆ ಬರೆಯುವುದು ನನ್ನ ಕೆಲಸ. ಇದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಲೀಟರ್ ಲೆಕ್ಕ. ತಯಾರಕರು ಕಳಿಸುವ ಅಂಕಿ ಎಷ್ಟೋ ಸಲ ಹೊರಗಿನ ಅಳತೆಯಿಂದ ಬಂದಿರುತ್ತದೆ. ಉದ್ದ, ಅಗಲ, ದಪ್ಪವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ, ನಿಜ. ಆದರೆ ಅದು ಚೌಕದ ಪೆಟ್ಟಿಗೆಯ ಲೆಕ್ಕ. ಬ್ಯಾಗಿನ ಮೇಲ್ಭಾಗ ಕಿರಿದಾಗಿರುತ್ತದೆ, ಮೂಲೆಗಳು ದುಂಡಗಿರುತ್ತವೆ, ಬೆನ್ನಿನ ಕಡೆಯ ಫೋಮ್ ಜಾಗ ತಿನ್ನುತ್ತದೆ.

ಒಂದು ಲ್ಯಾಪ್‌ಟಾಪ್ ಬ್ಯಾಗನ್ನೇ ತೆಗೆದುಕೊಳ್ಳಿ. ಹೊರಗಿನ ಅಳತೆ 48, 32, 20 ಸೆಂಟಿಮೀಟರ್. ಗುಣಿಸಿದರೆ 30.7 ಲೀಟರ್. ಚೀಟಿಯಲ್ಲೂ 30 ಲೀಟರ್ ಅಂತಲೇ ಇತ್ತು. ನಾನು ಚಿಕ್ಕ ಪ್ಲಾಸ್ಟಿಕ್ ಗುಂಡುಗಳನ್ನು ತುಂಬಿ ಅಳೆಯುತ್ತೇನೆ. ಬೆನ್ನುಚೀಲ ಅಳೆಯಲು ಇರುವ ಎಎಸ್‌ಟಿಎಂ ಎಫ್2153 ಎಂಬ ಮಾನದಂಡದಲ್ಲೂ 20 ಮಿಲಿಮೀಟರ್ ಗುಂಡುಗಳೇ ಬರುತ್ತವೆ. ಬ್ಯಾಗಿನ ತುಂಬ ಗುಂಡು ಸುರಿದು, ಆಗಾಗ ಅಲ್ಲಾಡಿಸಿ, ಜಿಪ್ ಆರಾಮವಾಗಿ ಮುಚ್ಚುವವರೆಗೆ ಮಾತ್ರ ತುಂಬುತ್ತೇನೆ. ಆಮೇಲೆ ಅವನ್ನು ಗೆರೆ ಹಾಕಿದ ಬಕೆಟ್ಟಿಗೆ ಸುರಿದು, ಅದನ್ನೂ ಅಲ್ಲಾಡಿಸಿ ನೋಡುತ್ತೇನೆ.

ಇಲ್ಲಿ ಖಾನೆಗಳ ವಿಷಯ ಬರುತ್ತದೆ. ಆ ಬ್ಯಾಗಿನ ಒಂದೊಂದೇ ಖಾನೆ ತುಂಬಿ ಅಳೆದಾಗ ದೊಡ್ಡ ಖಾನೆ 20, ಲ್ಯಾಪ್‌ಟಾಪ್ ಖಾನೆ 4.5, ಮುಂದಿನ ಜೇಬು 5.5 ಲೀಟರ್ ಬಂತು. ಕೂಡಿದರೆ 30! ಚೀಟಿಯ ಅಂಕಿ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಖಾನೆಗಳ ನಡುವೆ ಇರುವುದು ಬರೀ ಬಟ್ಟೆಯ ಗೋಡೆ. ಒಂದು ತುಂಬಿದರೆ ಅದು ಪಕ್ಕದ ಖಾನೆಯೊಳಗೆ ಉಬ್ಬುತ್ತದೆ. ಒಂದೇ ಜಾಗವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಮೂರನ್ನೂ ಒಟ್ಟಿಗೆ ತುಂಬಿದಾಗ ಸಿಕ್ಕಿದ್ದು 17, 3.5 ಮತ್ತು 4, ಅಂದರೆ 24.5 ಲೀಟರ್. ನಾನು ಬರೆಯುವುದು ಈ ಅಂಕಿಯನ್ನೇ. ಪಕ್ಕದ ಬಾಟಲಿ ಜೇಬು ತೆರೆದೇ ಇರುವುದರಿಂದ ಅದನ್ನು ಸೇರಿಸುವುದಿಲ್ಲ.

ಗುಂಡು ತುಂಬಿರುವಾಗಲೇ ಜಿಪ್ ನೋಡಿಬಿಡುತ್ತೇನೆ. ಖಾಲಿ ಬ್ಯಾಗಿನಲ್ಲಿ ಎಲ್ಲ ಜಿಪ್ಪೂ ಸಲೀಸಾಗಿಯೇ ಓಡುತ್ತದೆ. ತುಂಬಿದಾಗ ಮೂಲೆಯ ತಿರುವಿನಲ್ಲಿ ಏನಾಗುತ್ತದೆ ಅನ್ನುವುದೇ ಮುಖ್ಯ. ರನ್ನರ್ ಅಲ್ಲಿ ಸಿಕ್ಕಿಕೊಳ್ಳುತ್ತದೆಯೇ, ರನ್ನರ್ ದಾಟಿದ ಮೇಲೆ ಹಿಂದೆ ಹಲ್ಲು ಬಿಟ್ಟುಕೊಳ್ಳುತ್ತದೆಯೇ ಅಂತ ನೋಡುತ್ತೇನೆ. ಬಳಸಿದ ಬ್ಯಾಗಿನಲ್ಲಿ ಹಲ್ಲು ಹೀಗೆ ಬಿಟ್ಟುಕೊಂಡರೆ ಸಾಮಾನ್ಯವಾಗಿ ಸವೆದಿರುವುದು ರನ್ನರ್, ಹಲ್ಲಲ್ಲ. ಹೊಸ ಬ್ಯಾಗಿನಲ್ಲೇ ಹಾಗಾದರೆ ಜಿಪ್ ಆ ಭಾರಕ್ಕೆ ಚಿಕ್ಕದು ಎಂಬ ಅನುಮಾನ ಬರುತ್ತದೆ. ಎಷ್ಟೋ ರನ್ನರ್‌ಗಳ ಹಿಂಬದಿಯಲ್ಲಿ 3, 5, 8, 10 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಮುಚ್ಚಿದ ಹಲ್ಲಿನ ಅಗಲ ಹೆಚ್ಚುಕಮ್ಮಿ ಅಷ್ಟು ಮಿಲಿಮೀಟರ್. ಒಳಗಿನ ಸಣ್ಣ ಜೇಬಿಗೆ 3 ಸಾಕು. ದೊಡ್ಡ ಖಾನೆಗೆ ಕಡಿಮೆ ಅಂದರೂ 5 ಬೇಕು, 8 ಇದ್ದರೆ ನನಗೆ ನೆಮ್ಮದಿ. 'ಗಟ್ಟಿ ಜಿಪ್' ಅಂತ ಸುಮ್ನೆ ಬರೆಯುವ ಬದಲು ಈ ಸಂಖ್ಯೆ ಬರೆಯುತ್ತೇನೆ. ಜಿಪ್ಪಿನ ಪಟ್ಟಿಯನ್ನು ಬಟ್ಟೆಗೆ ಒಂದೇ ಸಾಲು ಹೊಲಿದಿದ್ದರೆ ಅದನ್ನೂ ಹೇಳುತ್ತೇನೆ, ಏಕೆಂದರೆ ಜಿಪ್ ಚೆನ್ನಾಗಿದ್ದರೂ ಹೊಲಿಗೆ ಬಿಡಬಹುದು.

ಬಟ್ಟೆಯ ವಿಷಯದಲ್ಲಿ ಡೆನಿಯರ್ ಜೊತೆ ನೂಲಿನ ಹೆಸರೂ ಬೇಕು. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೆನಿಯರ್. ಅದು ನೂಲಿನ ದಪ್ಪ ಹೇಳುತ್ತದೆ, ಗಟ್ಟಿತನವನ್ನಲ್ಲ. 420 ಡೆನಿಯರ್‌ನ ಒಳ್ಳೆಯ ನೈಲಾನ್ 600 ಡೆನಿಯರ್‌ನ ಸಾದಾ ಪಾಲಿಯೆಸ್ಟರ್‌ಗಿಂತ ಜಾಸ್ತಿ ಬಾಳಿಕೆ ಬರಬಹುದು. ಒಳಗೆ ನೀರು ತಡೆಯುವ ಪಿಯು, ಅಂದರೆ ಪಾಲಿಯುರೆಥೇನ್ ಲೇಪನ ಇದ್ದರೂ 'ವಾಟರ್‌ಪ್ರೂಫ್' ಅನ್ನುವುದಿಲ್ಲ, ಹೊಲಿಗೆಯ ತೂತಿನಿಂದಲೂ ಜಿಪ್ಪಿನಿಂದಲೂ ನೀರು ಒಳಗೆ ಬರುತ್ತದೆ.

ಆ ಬ್ಯಾಗಿಗೆ ಕೊನೆಗೆ ಬರೆದದ್ದು ಇಷ್ಟು: "ಎಲ್ಲ ಖಾನೆ ಒಟ್ಟಿಗೆ ತುಂಬಿದಾಗ 24.5 ಲೀಟರ್. ಅದರಲ್ಲಿ ದೊಡ್ಡ ಖಾನೆ 17 ಲೀಟರ್, ಲ್ಯಾಪ್‌ಟಾಪ್ ಖಾನೆ ಬೇರೆ. 600 ಡೆನಿಯರ್ ಪಾಲಿಯೆಸ್ಟರ್, ಒಳಗೆ ಪಿಯು ಲೇಪನ. ತುಂತುರು ಮಳೆ ತಡೆಯುತ್ತದೆ, ಜೋರು ಮಳೆಗೆ ಕವರ್ ಬೇಕು. ದೊಡ್ಡ ಖಾನೆಗೆ 8ನೇ ನಂಬರಿನ ಜಿಪ್, ಎರಡು ರನ್ನರ್, ಎರಡು ಸಾಲು ಹೊಲಿಗೆ. ಮುಂದಿನ ಜೇಬಿಗೆ 5ನೇ ನಂಬರ್."