ಸ್ಕೂಲ್ ಫೋಟೋ ಹಾಕುವ ಮುಂಚೆ ಐಡಿ ಕಾರ್ಡ್ ಜೂಮ್ ಮಾಡಿ ನೋಡಿ

ಫೋಟೋ ನೋಡಿ ಮಗುವನ್ನು ಪತ್ತೆ ಮಾಡಬಹುದಾ? ಮಾಡಬಹುದು, ಆದರೆ ನಾವು ಹೆದರುವ ದಾರಿಯಲ್ಲೇ ಅಲ್ಲ. ಫೋಟೋ ಫೈಲ್‌ನೊಳಗೆ ತೆಗೆದ ಜಾಗದ ಲೊಕೇಶನ್ ಇರಬಹುದು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಆ ಲೊಕೇಶನ್ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ.

ಜಾಸ್ತಿ ಸುಳಿವು ಸಿಗುವುದು ಕಣ್ಣಿಗೆ ಕಾಣುವುದರಲ್ಲೇ. ದಾವಣಗೆರೆಯ ಒಂದು ಸ್ಕೂಲ್ ಗೇಟ್ ಮುಂದೆ ಮಗು ನಿಂತಿದೆ ಅಂದುಕೊಳ್ಳಿ. ಕೊರಳಿನ ಕಾರ್ಡ್ ಜೂಮ್ ಮಾಡಿದರೆ ಹೆಸರು, ತರಗತಿ, ಕೆಲವೊಮ್ಮೆ ಅಪ್ಪನ ಮೊಬೈಲ್ ನಂಬರೂ ಸಿಗುತ್ತದೆ. ಹಿಂದೆ ನಿಂತ ವ್ಯಾನಿನ ಮೇಲೆ ಸ್ಕೂಲ್ ಹೆಸರು. ಇನ್ನೇನು ಬೇಕು ಹೇಳಿ?

ಮುಖದ ಭಾಗ ಮಾತ್ರ ಕ್ರಾಪ್ ಮಾಡಿ ಹಾಕಿ. ಮೊಬೈಲ್ ಮಾರ್ಕರ್‌ನಿಂದ ನಂಬರ್ ಗೀಚಿ ಮುಚ್ಚುವುದನ್ನು ನಂಬಬೇಡಿ. ಬಣ್ಣ ತೆಳುವಾಗಿದ್ದರೆ ಬ್ರೈಟ್‌ನೆಸ್ ಏರಿಸಿದಾಗ ಅಕ್ಷರ ಕಾಣಬಹುದು.