ಫಾಲ್ಸ್ ಸೀಲಿಂಗ್: ಬೋರ್ಡ್ ಎಷ್ಟು, ಚಾನೆಲ್ ಎಷ್ಟು ಬೇಕು?

ಫಾಲ್ಸ್ ಸೀಲಿಂಗ್‌ಗೆ ಸಾಮಾನು ನೀವೇ ತರಿಸಿಕೊಡುತ್ತೀರಿ ಎಂದಿಟ್ಟುಕೊಳ್ಳಿ. ಬೋರ್ಡ್ ಎಷ್ಟು ಬೇಕು ಎಂದು ಕೇಳಿದರೆ ಹೆಚ್ಚಿನವರು ಒಂದೇ ಲೆಕ್ಕ ಹೇಳುತ್ತಾರೆ: ರೂಮಿನ ಚದರ ಅಡಿಯನ್ನು ಬೋರ್ಡಿನ ಚದರ ಅಡಿಯಿಂದ ಭಾಗಿಸಿ. ದರ ಮಾತಾಡೋದಕ್ಕೆ ಈ ಲೆಕ್ಕ ಸಾಕು. ಅಂಗಡಿಯಿಂದ ಸಾಮಾನು ತರಿಸೋದಕ್ಕೆ ಸಾಲದು, ಯಾಕೆಂದರೆ ಬೋರ್ಡನ್ನು ಎಲ್ಲಿ ಬೇಕಾದರೂ ಕತ್ತರಿಸಿ ಜೋಡಿಸುವ ಹಾಗಿಲ್ಲ.

14 ಅಡಿ ಉದ್ದ, 11 ಅಡಿ ಅಗಲದ ಒಂದು ಮಲಗುವ ಕೋಣೆ ತೆಗೆದುಕೊಳ್ಳೋಣ. ಕೋವ್, ಡಿಸೈನ್ ಏನೂ ಇಲ್ಲದ ಸಪಾಟಾದ ಸೀಲಿಂಗ್. ಬೋರ್ಡ್ 6 ಅಡಿಗೆ 4 ಅಡಿಯ, 12.5 ಮಿ.ಮೀ. ದಪ್ಪದ ಜಿಪ್ಸಮ್ ಬೋರ್ಡ್. ಚಾನೆಲ್‌ಗಳು 12 ಅಡಿ ಉದ್ದದವು.

ಮೊದಲು ಅಳತೆ

ನೆಲದಲ್ಲಿ ಅಳೆಯಬೇಡಿ. ಸೀಲಿಂಗ್ ಬರುವ ಎತ್ತರದಲ್ಲಿ, ಎದುರುಬದುರು ಗೋಡೆಗಳನ್ನು ಬೇರೆಬೇರೆಯಾಗಿ ಅಳೆಯಿರಿ. ಎರಡೂ ಒಂದೇ ಇರುವುದು ಅಪರೂಪ, ಒಂದೆರಡು ಇಂಚು ವ್ಯತ್ಯಾಸ ಇದ್ದೇ ಇರುತ್ತದೆ. ದೊಡ್ಡ ಅಳತೆಯನ್ನೇ ಬರೆದುಕೊಳ್ಳಿ.

ಮೇಲೆ ಏನೇನು ಇರುತ್ತದೆ

ಗೋಡೆಯ ಸುತ್ತ ಪೆರಿಮೀಟರ್ ಚಾನೆಲ್ ಓಡುತ್ತದೆ. ಸ್ಲ್ಯಾಬಿನಿಂದ ಆ್ಯಂಗಲ್ ಇಳಿಬಿಟ್ಟು ಅದಕ್ಕೆ ಇಂಟರ್‌ಮೀಡಿಯೆಟ್ ಚಾನೆಲ್ ಕಟ್ಟುತ್ತಾರೆ. ಅದರ ಕೆಳಗೆ ಅಡ್ಡಲಾಗಿ ಸೀಲಿಂಗ್ ಸೆಕ್ಷನ್ ಕ್ಲಿಪ್ ಹಾಕಿ ಕೂರಿಸುತ್ತಾರೆ. ಬೋರ್ಡಿನ ಸ್ಕ್ರೂ ಬೀಳುವುದು ಈ ಸೆಕ್ಷನ್‌ಗೆ. ಇಂಟರ್‌ಮೀಡಿಯೆಟ್ 4 ಅಡಿಗೊಂದು, ಸೆಕ್ಷನ್ 18 ಇಂಚಿಗೊಂದು ಇರಬೇಕು.

18 ಇಂಚೇ ಯಾಕೆ? 6 ಅಡಿ ಬೋರ್ಡ್ ಅಂದರೆ 72 ಇಂಚು, 18ರ ನಾಲ್ಕು ಪಟ್ಟು. ಬೋರ್ಡನ್ನು ಸೆಕ್ಷನ್‌ಗಳಿಗೆ ಅಡ್ಡಲಾಗಿ ಇಟ್ಟರೆ ಅದರ ತುದಿ ಸರಿಯಾಗಿ ಒಂದು ಸೆಕ್ಷನ್ ಮೇಲೆ ಬಂದು ಕೂರುತ್ತದೆ. 8 ಅಡಿ ಬೋರ್ಡ್ ತಂದು ಅದೇ 18 ಇಂಚು ಇಟ್ಟರೆ ತುದಿ ಗಾಳಿಯಲ್ಲಿ ನಿಲ್ಲುತ್ತದೆ. ಅದಕ್ಕೆ 16 ಇಂಚು ಬೇಕು.

ಹಾಗಾಗಿ ಲೆಕ್ಕದ ನಿಯಮ ಎರಡೇ. ಬೋರ್ಡಿನ ತುದಿ ಸೇರುವ ಜಾಗ ಗೋಡೆಯಿಂದ 18ರ ಮಗ್ಗಿಯಲ್ಲೇ ಬರಬೇಕು. ಪಕ್ಕದ ಸಾಲಿನ ಜಾಯಿಂಟ್ ಅದೇ ಗೆರೆಯಲ್ಲಿ ಇರಬಾರದು. ಇಟ್ಟಿಗೆ ಗೋಡೆ ಕಟ್ಟುವಾಗ ಜಾಯಿಂಟ್ ತಪ್ಪಿಸುತ್ತಾರಲ್ಲ, ಹಾಗೆ.

ಬೋರ್ಡ್ ಎಣಿಸುವುದು

ಕೋಣೆ 154 ಚದರ ಅಡಿ, ಬೋರ್ಡ್ 24 ಚದರ ಅಡಿ. ಭಾಗಿಸಿದರೆ 6.4, ಅಂದರೆ 7 ಬೋರ್ಡ್. ಈಗ ಒಂದು ಕಾಗದದಲ್ಲಿ ಕೋಣೆ ಬರೆದು ಜೋಡಿಸಿ ನೋಡಿ.

ಬೋರ್ಡಿನ ಉದ್ದ 14 ಅಡಿಯ ದಿಕ್ಕಿಗೆ ಇಟ್ಟರೆ ಮೂರು ಸಾಲು ಬರುತ್ತವೆ: 4 ಅಡಿಯ ಎರಡು, 3 ಅಡಿಯ ಒಂದು. ಮೊದಲ ಸಾಲು 6, 6, 2. ಮೂರನೇ ಬೋರ್ಡಿನಲ್ಲಿ 4 ಅಡಿ ಉಳಿಯಿತು. ಎರಡನೇ ಸಾಲನ್ನು ಆ 4 ಅಡಿಯಿಂದ ಶುರು ಮಾಡೋಣ ಅನ್ನಿಸುತ್ತದೆ ಅಲ್ವಾ? ಆದರೆ 48 ಇಂಚು 18ರ ಮಗ್ಗಿಯಲ್ಲಿ ಬರುವುದಿಲ್ಲ. ಅಲ್ಲಿ ಸೆಕ್ಷನ್ ಇಲ್ಲ. ಅದನ್ನು 3 ಅಡಿಗೆ ಇಳಿಸಲೇಬೇಕು. ಆಗ ಎರಡನೇ ಸಾಲು 3, 6, 5 ಆಗುತ್ತದೆ, ಮೂರನೆಯದು ಮತ್ತೆ 6, 6, 2. ಕೊನೆಯ ಆ 2 ಅಡಿಗೆ ಕೈಯಲ್ಲಿ ಉಳಿದಿರುವುದು 1 ಅಡಿಯ ಎರಡು ಚೂರು ಮಾತ್ರ. ಎಂಟನೇ ಬೋರ್ಡ್ ಒಡೆಯಬೇಕು.

ಸೈಟಿನಲ್ಲಿ ಏಳೇ ಬೋರ್ಡ್ ಇದ್ದರೆ ಏನಾಗುತ್ತದೆ? ಮೂರೂ ಸಾಲನ್ನು 6, 6, 2 ಎಂದು ಹಾಕಿ ಮುಗಿಸುತ್ತಾರೆ. ಏಳು ಬೋರ್ಡಿಗೆ ಸರಿಹೋಗುತ್ತದೆ, ಪುಟ್ಟಿ ಪೇಂಟ್ ಆದಮೇಲೆ ಏನೂ ಕಾಣುವುದೂ ಇಲ್ಲ. ಕೆಲವು ತಿಂಗಳಾದ ಮೇಲೆ ಗೋಡೆಯಿಂದ ಗೋಡೆಗೆ ನೂಲು ಹಿಡಿದ ಹಾಗೆ ನೇರ ಬಿರುಕು ಬರಬಹುದು. ಬಿರುಕು ಅಷ್ಟು ನೇರವಾಗಿದ್ದರೆ ಜಾಯಿಂಟ್‌ಗಳು ಒಂದೇ ಗೆರೆಯಲ್ಲಿ ಬಿದ್ದಿವೆಯಾ ಎಂದು ಮೊದಲು ನೋಡಿ. ಜಾಯಿಂಟ್ ಹತ್ತಿರ ಅಂಗೈಯಿಂದ ಮೆಲ್ಲಗೆ ಒತ್ತಿದಾಗ ಬೋರ್ಡ್ ಅಲುಗಿದರೆ ಅದರ ಹಿಂದೆ ಸೆಕ್ಷನ್ ಇಲ್ಲದೇ ಇರಬಹುದು.

ಈಗ ಬೋರ್ಡನ್ನು ತಿರುಗಿಸಿ, ಉದ್ದ 11 ಅಡಿಯ ದಿಕ್ಕಿಗೆ ಬರಲಿ. ಸಾಲುಗಳು 4, 4, 4 ಮತ್ತು 2 ಅಡಿ. ಮೊದಲನೆಯದು 6, 5: ಎರಡು ಬೋರ್ಡ್. ಎರಡನೆಯದು 3, 6, 2: ಇಲ್ಲಿ 3 ಮತ್ತು 2 ಒಂದೇ ಬೋರ್ಡಿನಿಂದ ಬರುತ್ತವೆ, ಮತ್ತೆ ಎರಡೇ ಬೋರ್ಡ್. ಮೂರನೆಯದು ಮೊದಲನೆಯ ಹಾಗೆಯೇ. ಇಲ್ಲಿಗೆ ಆರು. ಕೊನೆಯ 2 ಅಡಿ ಸಾಲಿಗೆ ಒಂದು ಬೋರ್ಡನ್ನು ಉದ್ದಕ್ಕೆ ಸೀಳಿದರೆ 6 ಅಡಿಯ ಎರಡು ಪಟ್ಟಿ ಸಿಗುತ್ತವೆ. ಒಂದನ್ನು ಇಡಿಯಾಗಿ, ಇನ್ನೊಂದನ್ನು 3 ಮತ್ತು 2 ಮಾಡಿ ಹಾಕಿದರೆ ಮುಗಿಯಿತು. ಜಾಯಿಂಟ್‌ಗಳು 6 ಅಡಿಗೆ, 3 ಮತ್ತು 9 ಅಡಿಗೆ ಬಂದವು. ಎಲ್ಲವೂ 18ರ ಮಗ್ಗಿ, ಯಾವುದೂ ಪಕ್ಕದ ಸಾಲಿನ ಗೆರೆಯಲ್ಲಿಲ್ಲ. ಒಟ್ಟು 7.

ಒಂದು ಮಾತು ನೆನಪಿರಲಿ. ಸೀಳಿದ ಅಂಚು ಗೋಡೆಯ ಕಡೆಗೇ ಹೋಗಬೇಕು. ಬೋರ್ಡಿನ ಉದ್ದದ ಅಂಚು ಕಂಪನಿಯಿಂದಲೇ ಸ್ವಲ್ಪ ತಗ್ಗಾಗಿ ಬರುತ್ತದೆ, ಟೇಪ್ ಮತ್ತು ಪುಟ್ಟಿ ಕೂರುವುದು ಆ ತಗ್ಗಿನಲ್ಲಿ. ಸೀಳಿದ ಅಂಚಿಗೆ ಅದಿಲ್ಲ, ಮಧ್ಯದಲ್ಲಿ ಬಂದರೆ ಅಲ್ಲಿ ಪುಟ್ಟಿ ಉಬ್ಬಿ ಕಾಣುತ್ತದೆ.

ಸಾಗಿಸುವಾಗ ಮೂಲೆ ಮುರಿಯುವುದು ಮಾಮೂಲು. ಅದಕ್ಕೆ ಒಂದು ಬೋರ್ಡ್ ಜಾಸ್ತಿ ತನ್ನಿ. ಸುಮ್ನೆ ಶೇಕಡಾ ಹತ್ತು ಸೇರಿಸುವುದಕ್ಕಿಂತ ಇದು ವಾಸಿ.

ಚಾನೆಲ್ ಉದ್ದ

ಬೋರ್ಡ್ 11 ಅಡಿಯ ದಿಕ್ಕಿಗೆ ಇದ್ದರೆ ಸೆಕ್ಷನ್‌ಗಳು 14 ಅಡಿಯ ದಿಕ್ಕಿಗೆ ಓಡುತ್ತವೆ. 11 ಅಡಿ ಅಂದರೆ 132 ಇಂಚು. 18ರಿಂದ ಭಾಗಿಸಿ ಉಳಿದ ಭಿನ್ನ ಬಿಟ್ಟುಬಿಡಿ: 7 ಸೆಕ್ಷನ್. ಕೊನೆಯದು ಗೋಡೆಯಿಂದ ಬರೀ 6 ಇಂಚಿಗೆ ಬರುತ್ತದೆ. ನೋಡೋಕೆ ಚೆನ್ನಾಗಿರಲಿ ಎಂದು ಅಂತರವನ್ನು ಸಮ ಮಾಡಲು ಬಿಡಬೇಡಿ, ಬೋರ್ಡಿನ ತುದಿಗಳು ತಪ್ಪುತ್ತವೆ.

7 ಸೆಕ್ಷನ್, 14 ಅಡಿ ಎಂದರೆ 98 ಅಡಿ. ಆದರೆ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಅಲ್ಲ, ಇಡೀ ಚಾನೆಲ್ ಲೆಕ್ಕದಲ್ಲಿ ಸಿಗುತ್ತದೆ. ಪ್ರತಿ ಸೆಕ್ಷನ್‌ಗೆ ಒಂದು ಪೂರಾ 12 ಅಡಿ, ಜೊತೆಗೆ 2 ಅಡಿಯ ತುಂಡು. ಒಂದರ ಮೇಲೊಂದು ಅರ್ಧ ಅಡಿ ಕೂರಿಸಿ ಸೇರಿಸಬೇಕು, ಹಾಗಾಗಿ ತುಂಡು ಎರಡೂವರೆ ಅಡಿ. 12 ಅಡಿಯಲ್ಲಿ ಅಂಥ ನಾಲ್ಕು ಬರುತ್ತವೆ, ಏಳಕ್ಕೆ ಎರಡು ಚಾನೆಲ್. ಒಟ್ಟು 9. ಈ ಸೇರಿಕೆಗಳೂ ಒಂದೇ ಗೆರೆಗೆ ಬರದಂತೆ ಒಂದು ಸೆಕ್ಷನ್‌ನಲ್ಲಿ ಈ ಗೋಡೆಯಿಂದ, ಮುಂದಿನದರಲ್ಲಿ ಆ ಗೋಡೆಯಿಂದ ಶುರು ಮಾಡಿಸಿ. ಮೊದಲ ಜೋಡಣೆಯಲ್ಲಿ ಆಗಿದ್ದರೂ 11 ಅಡಿಯ 9 ಸೆಕ್ಷನ್‌ಗೆ 9 ಚಾನೆಲ್ಲೇ ಬೇಕಿತ್ತು. ತಿರುಗಿಸಿದ್ದರಿಂದ ಚಾನೆಲ್ ಖರ್ಚು ಏರಲಿಲ್ಲ, ಏಳು ಕಡೆ ಸೇರಿಸುವ ಕೆಲಸವಷ್ಟೇ ಜಾಸ್ತಿ.

ಇಂಟರ್‌ಮೀಡಿಯೆಟ್ ಇದಕ್ಕೆ ಅಡ್ಡ, 11 ಅಡಿಯ ದಿಕ್ಕಿಗೆ. ಗೋಡೆಯಿಂದ 2 ಅಡಿಗಿಂತ ದೂರ ಹೋಗಬಾರದು, ಮಧ್ಯೆ 4 ಅಡಿ ಮೀರಬಾರದು. 1, 5, 9, 13 ಅಡಿಗೆ ನಾಲ್ಕು ಇಟ್ಟರೆ ಸರಿ. 4 ಚಾನೆಲ್ ಸಾಕು. ಒಂದೊಂದಕ್ಕೆ ಮೂರು ಕಡೆ ಆ್ಯಂಗಲ್ ಇಳಿಬಿಟ್ಟರೆ 12 ಜಾಗ. ಸೆಕ್ಷನ್ ದಾಟುವ ಕಡೆಯೆಲ್ಲ ಒಂದು ಕ್ಲಿಪ್: 7 ಗುಣಿಸು 4, ಒಟ್ಟು 28. ಸುತ್ತಳತೆ 50 ಅಡಿ, ಪೆರಿಮೀಟರ್ 5.

ಆರ್ಡರ್ ಕೊಡುವ ಮುಂಚೆ ಚಾನೆಲ್ 12 ಅಡಿಯದೇ ಎಂದು ಕೇಳಿಕೊಳ್ಳಿ. 10 ಅಡಿಯದು ಬಂದರೆ ಸೆಕ್ಷನ್ 9ರ ಬದಲು 11 ಬೇಕು, ಇಂಟರ್‌ಮೀಡಿಯೆಟ್ 5.

ಫ್ಯಾನ್ ಈ ಲೆಕ್ಕದಲ್ಲಿಲ್ಲ. ಅದರ ಭಾರ ಸ್ಲ್ಯಾಬಿನ ಕೊಂಡಿಯಿಂದಲೇ ನೇರವಾಗಿ ಇಳಿಯಬೇಕು, ಚಾನೆಲ್ ಮೇಲೆ ಬೀಳಬಾರದು. ಲೈಟಿನ ತೂತು ಕೊರೆಯುವ ಮುಂಚೆ ಸೆಕ್ಷನ್ ಓಡುವ ಜಾಗಗಳನ್ನು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಂದು ಸೆಕ್ಷನ್ನನ್ನೇ ಕತ್ತರಿಸಿ ಹೋಗುತ್ತಾನೆ.