ಅಂಗಡಿಯ ಹುಟ್ಟುಹಬ್ಬಕ್ಕೆ ಒಂದು ನಿಮಿಷದ ವಿಡಿಯೊ: ಮಾತು ಬರೆಯುವುದು ಹೇಗೆ?

ಅಂಗಡಿಗೆ ಹತ್ತು, ಹದಿನೈದು ವರ್ಷ ತುಂಬಿದ ದಿನ ಗ್ರಾಹಕರಿಗೆ ಧನ್ಯವಾದ ಹೇಳುವ ವಿಡಿಯೊಗಳು ಈಗ ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ‘ನಿಮ್ಮೆಲ್ಲರ ಸಹಕಾರ, ಪ್ರೋತ್ಸಾಹ ಹೀಗೆಯೇ ಇರಲಿ’ ಎಂಬ ಮಾತಿನಲ್ಲಿ ಮುಗಿಯುತ್ತವೆ. ಈ ವಾಕ್ಯವನ್ನು ಚಿನ್ನದಂಗಡಿಯವರೂ ಹೇಳಬಹುದು, ಚಪ್ಪಲಿ ಅಂಗಡಿಯವರೂ ಹೇಳಬಹುದು. ಕೇಳಿದ ಗ್ರಾಹಕರಿಗೆ ತಮ್ಮನ್ನೇ ನೆನೆದರು ಎಂದು ಅನ್ನಿಸುವುದಿಲ್ಲ. ಗ್ರಾಹಕರು ನಿಮ್ಮ ಅಂಗಡಿಗಾಗಿ ನಿಜವಾಗಿ ಏನು ಮಾಡಿದರು ಎಂಬುದನ್ನು ಹೇಳಿದರೆ ಮಾತ್ರ ಅದು ಧನ್ಯವಾದವಾಗುತ್ತದೆ.

ತುಮಕೂರು ಕಡೆಯ ಸಣ್ಣ ಊರೊಂದರಲ್ಲಿ ಹದಿನೈದು ವರ್ಷ ತುಂಬುತ್ತಿರುವ ಒಂದು ಹಿಟ್ಟಿನ ಗಿರಣಿ ಇದೆ ಎಂದು ಇಟ್ಟುಕೊಂಡು, ಅದರ ಮಾಲೀಕರಿಗಾಗಿ ಮಾತು ಬರೆಯೋಣ.

ಬರೆಯುವ ಮೊದಲು ನೆನಪು ಮಾಡಿಕೊಳ್ಳಿ

ಮನೆಯವರನ್ನೂ ಕೆಲಸದ ಹುಡುಗನನ್ನೂ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ಕಷ್ಟ ಬಂದಾಗ ಗ್ರಾಹಕರು ಏನು ಮಾಡಿದರು? ಯಾರ ಮಾತಿನಿಂದ ಅಂಗಡಿ ಬದಲಾಯಿತು? ಇಲ್ಲಿ ಮಾತ್ರ ನಡೆಯುವಂಥದ್ದು ಏನು? ನಮ್ಮ ಗಿರಣಿಯವರಿಗೆ ಎರಡು ಸಂಗತಿ ನೆನಪಾದವು ಎನ್ನೋಣ. ಮೋಟಾರ್ ಸುಟ್ಟುಹೋಗಿ ಗಿರಣಿ ನಿಂತ ದಿನಗಳಲ್ಲಿ ಜನ ರಾಗಿ ಡಬ್ಬಗಳನ್ನು ಅಲ್ಲೇ ಬಿಟ್ಟು ಕಾದಿದ್ದರು. ಇನ್ನೊಂದು, ಕೂಸಿನ ರಾಗಿ ಸರಿಗೆ ಹಿಟ್ಟು ಮಾಡಿಸಲು ಬಂದ ತಾಯಿಯೊಬ್ಬರು, ಮೆಣಸಿನಕಾಯಿ ಬೀಸಿದ ಯಂತ್ರದಲ್ಲಿ ಬೇಡವೆಂದು ಹಿಂತಿರುಗಿದ್ದರು.

ಎರಡನೆಯದನ್ನು ಮಾಲೀಕರು ಬಿಟ್ಟುಬಿಡುವ ಸಾಧ್ಯತೆ ಹೆಚ್ಚು, ಏಕೆಂದರೆ ಅದು ದೂರು. ನನ್ನ ಪ್ರಕಾರ ವಿಡಿಯೊದ ಜೀವ ಅದೇ. ಆ ದೂರಿನಿಂದ ಗಿರಣಿಗೆ ಎರಡನೇ ಯಂತ್ರ ಬಂದಿದ್ದರೆ, ಆ ತಾಯಿಗೆ ಹೇಳಬೇಕಾದ ಧನ್ಯವಾದ ಇನ್ನೂ ಬಾಕಿ ಇದೆ ಎಂದರ್ಥ.

ಮಾತು ಹೀಗಿರಲಿ

ಒಂದು ನಿಮಿಷ ಸಾಕು. ನಿಧಾನವಾಗಿ ಮಾತನಾಡುವವರಿಗೆ ಅಷ್ಟು ಹೊತ್ತಿಗೆ ಸುಮಾರು 80 ಪದ ಹಿಡಿಯುತ್ತವೆ. ಇಲ್ಲಿ ಮಾತನ್ನು ಅಚ್ಚಿನ ಕನ್ನಡದಲ್ಲಿ ಕೊಟ್ಟಿದೆ. ಹೇಳುವಾಗ ದಿನವೂ ಗ್ರಾಹಕರೊಡನೆ ಆಡುವ ಮಾತಿಗೆ ತಿರುಗಿಸಿಕೊಳ್ಳಿ.

(ಯಂತ್ರದ ಬಾಯಿಂದ ಕೆಂಪು ಖಾರದ ಪುಡಿ ಬೀಳುತ್ತಿದೆ. ಗಿರಣಿಯ ಸದ್ದು.)

“ಈ ಎರಡನೇ ಯಂತ್ರ ಇಲ್ಲಿಗೆ ಬಂದದ್ದು ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆಯಿಂದ.”

(ಮಾಲೀಕರ ಮುಖ. ಸದ್ದು ನಿಂತಿದೆ.)

“ಕೂಸಿಗೆ ಸರಿ ಹಿಟ್ಟು ಬೇಕೆಂದು ಒಬ್ಬ ತಾಯಿ ಬಂದಿದ್ದರು. ‘ಅಣ್ಣಾ, ಇದರಲ್ಲೇ ಮೆಣಸಿನಕಾಯಿಯನ್ನೂ ಬೀಸುತ್ತೀರಲ್ಲವೇ?’ ಎಂದರು. ನಾನು ಹೌದೆಂದೆ. ಅವರು ಡಬ್ಬ ಎತ್ತಿಕೊಂಡು ಹೋದರು. ಆ ವರ್ಷವೇ ಖಾರದ ಪುಡಿಗೆಂದು ಬೇರೆ ಯಂತ್ರ ತಂದೆವು. ಮೊದಲು ಅವರಿಗೇ ಹೇಳಿಕಳುಹಿಸಿದೆವು, ಬಂದರು.”

(ಸಾಲಾಗಿ ಇಟ್ಟ ಡಬ್ಬಗಳು.)

“ಮೋಟಾರ್ ಸುಟ್ಟು ನಾಲ್ಕು ದಿನ ಗಿರಣಿ ನಿಂತಾಗ ಡಬ್ಬಗಳನ್ನು ಇಲ್ಲೇ ಬಿಟ್ಟು ಕಾದಿರಿ. ಬೇರೆ ಗಿರಣಿಯ ದಾರಿ ನಿಮಗೆ ಗೊತ್ತಿತ್ತು.”

(ಮೂವರೂ ಬಾಗಿಲಲ್ಲಿ.)

“ನಮ್ಮ ಗಿರಣಿಗೆ ಈ ವಾರ ಹದಿನೈದು ವರ್ಷ. ನೀವು ಕೇಳಿದ್ದಕ್ಕೆ, ಕಾದದ್ದಕ್ಕೆ, ನಾನು, ನನ್ನ ಹೆಂಡತಿ, ಡಬ್ಬ ಎತ್ತಿಕೊಡುವ ನಮ್ಮ ಹುಡುಗ, ಮೂವರೂ ಕೈ ಮುಗಿಯುತ್ತೇವೆ.”

ನಮಸ್ಕಾರ, ಹೆಸರು, ಅಂಗಡಿಯ ಹೆಸರು, ವಿಳಾಸ ಎಂದು ಆರಂಭಿಸಿಲ್ಲ. ನೋಡುವವರು ನಿಮ್ಮ ಗ್ರಾಹಕರು, ಅವರಿಗೆ ಅದೆಲ್ಲ ಗೊತ್ತು. ಬೆರಳು ಮುಂದಿನ ವಿಡಿಯೊಗೆ ಜಾರುವ ಮೊದಲು ‘ಯಾವ ಪ್ರಶ್ನೆ?’ ಎಂಬ ಕುತೂಹಲ ಹುಟ್ಟಬೇಕು. ಅಂಗಡಿಯ ಹೆಸರು ಕೊನೆಯ ದೃಶ್ಯದ ಬೋರ್ಡಿನಲ್ಲಿ ತಾನಾಗಿ ಕಾಣುತ್ತದೆ. ‘ಬೇರೆ ಗಿರಣಿಯ ದಾರಿ ನಿಮಗೆ ಗೊತ್ತಿತ್ತು’ ಎಂದ ಮೇಲೆ ಅದರ ಅರ್ಥವನ್ನು ಬಿಡಿಸಿ ಹೇಳಬೇಡಿ. ಆ ಮಾತು ಮುಗಿದ ಮೇಲೆ ಒಂದು ಉಸಿರು ಬಿಟ್ಟು ಮುಂದುವರಿಯಿರಿ.

ಬರೆದದ್ದನ್ನು ಹೀಗೆ ಪರೀಕ್ಷಿಸಿ: ಪ್ರತಿ ವಾಕ್ಯವನ್ನೂ ಪಕ್ಕದ ಅಂಗಡಿಯವರು ಹೇಳಿದಂತೆ ಕಲ್ಪಿಸಿಕೊಳ್ಳಿ. ಅವರ ಬಾಯಿಗೂ ಸರಿಹೊಂದಿದರೆ ಅದನ್ನು ಹೊಡೆದುಹಾಕಿ. ‘ಗ್ರಾಹಕರೇ ದೇವರು’ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ.

ರಿಯಾಯಿತಿಯ ಸುದ್ದಿಯನ್ನು ಇದೇ ವಿಡಿಯೊದಲ್ಲಿ ಸೇರಿಸಬೇಕೆಂಬ ಆಸೆ ಬರುತ್ತದೆ. ದಯವಿಟ್ಟು ಸೇರಿಸಬೇಡಿ. ಕೊನೆಯಲ್ಲಿ ‘ಈ ವಾರ ಕೆ.ಜಿ.ಗೆ ಎರಡು ರೂಪಾಯಿ ಕಡಿಮೆ’ ಎಂದೊಡನೆ, ಅದಕ್ಕೆ ಮುಂಚೆ ಹೇಳಿದ್ದೆಲ್ಲ ಜಾಹೀರಾತಿನ ಪೀಠಿಕೆಯಾಗಿಬಿಡುತ್ತದೆ. ರಿಯಾಯಿತಿ ಇದ್ದರೆ ಅಂಗಡಿಯ ಹಲಗೆಯ ಮೇಲೆ ಬರೆಯಿರಿ.

ಯಾರ ಹೆಸರು, ಯಾವುದು ಕಾಣಬಾರದು

ಇಬ್ಬರು ಮೂವರ ಹೆಸರು ಹೇಳಿದರೆ ಉಳಿದವರಿಗೆ ಬೇಸರವಾಗುತ್ತದೆ. ಆದ್ದರಿಂದ ‘ಒಬ್ಬ ತಾಯಿ’ ಎಂದೇ ಬರೆದಿದೆ. ಹೆಸರಿಲ್ಲದಿದ್ದರೂ ಸಣ್ಣ ಊರಿನಲ್ಲಿ ಗುರುತು ಸಿಕ್ಕೇ ಸಿಗುತ್ತದೆ, ಹಾಗಾಗಿ ಬರೆದ ಮಾತನ್ನು ಮೊದಲು ಅವರಿಗೆ ಓದಿಹೇಳಿ ಒಪ್ಪಿಗೆ ಪಡೆಯಿರಿ. ಬೇಡವೆಂದರೆ ಬೇರೆ ಪ್ರಸಂಗ ಹುಡುಕಿ. ಡಬ್ಬಗಳ ಮೇಲೆ ಹೆಸರು, ಫೋನ್ ನಂಬರ್ ಬರೆದಿರುತ್ತಾರೆ, ಆ ಬದಿಯನ್ನು ಗೋಡೆಗೆ ತಿರುಗಿಸಿ ಚಿತ್ರೀಕರಿಸಿ. ಸಾಲದ ಪುಸ್ತಕ ಮೇಜಿನ ಮೇಲೆ ತೆರೆದಿರುವುದಂತೂ ಬೇಡವೇ ಬೇಡ.

ಚಿತ್ರೀಕರಣ

ಗಿರಣಿ ಓಡುವಾಗ ಮಾತು ಕೇಳಿಸುವುದಿಲ್ಲ. ಹಾಗಾಗಿ ಯಂತ್ರದ ದೃಶ್ಯವನ್ನು ಬೇರೆ, ಮಾತನ್ನು ಬೇರೆ ತೆಗೆದು ಜೋಡಿಸಬೇಕು. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಯಂತ್ರ, ಫ್ಯಾನ್ ಎರಡನ್ನೂ ನಿಲ್ಲಿಸಿ, ಬಾಗಿಲಿನ ಬೆಳಕು ಮುಖದ ಮೇಲೆ ಬೀಳುವಂತೆ ನಿಲ್ಲಿ. ಬಾಗಿಲಿಗೆ ಬೆನ್ನು ಮಾಡಿದರೆ ಮುಖ ಕಪ್ಪಾಗುತ್ತದೆ. ಫೋನನ್ನು ಉದ್ದುದ್ದ ಹಿಡಿದು, ಸುಮಾರು ಒಂದು ಮಾರು ದೂರದಲ್ಲಿ, ಕಣ್ಣಿನ ಎತ್ತರಕ್ಕೆ ಇಡಿ. ಇನ್ನೂ ದೂರ ಹೋದರೆ ದನಿ ಗುಹೆಯೊಳಗಿಂದ ಬಂದಂತೆ ಕೇಳುತ್ತದೆ.

ಚೀಟಿ ನೋಡಿ ಓದಬೇಡಿ. ಕಣ್ಣು ಕೆಳಗಿಳಿಯುವುದು ನೋಡುವವರಿಗೆ ತಕ್ಷಣ ತಿಳಿಯುತ್ತದೆ. ಒಂದೊಂದು ದೃಶ್ಯದ ಮಾತನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿ, ನಿಲ್ಲಿಸಿ, ಮುಂದಿನದಕ್ಕೆ ಹೋಗಿ. ಪದ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ.

ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ಹಕ್ಕುಸ್ವಾಮ್ಯದ ಕಾರಣಕ್ಕೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ವಿಡಿಯೊದ ದನಿಯೇ ನಿಂತುಹೋಗಬಹುದು. ಗಿರಣಿಯ ಸದ್ದೇ ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಬಸ್ಸಿನಲ್ಲಿ, ಕಚೇರಿಯಲ್ಲಿ ದನಿ ಇಲ್ಲದೆ ನೋಡುವವರಿಗಾಗಿ ಮಾತನ್ನು ಅಕ್ಷರದಲ್ಲೂ ಹಾಕಿ, ಒಮ್ಮೆಗೆ ಎರಡು ಸಾಲು ಮೀರದಂತೆ.

ಕಳುಹಿಸುವಾಗ ಒಂದು ವಿಷಯ ತಿಳಿದಿರಲಿ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳುಹಿಸಿದ್ದು, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಉಳಿದ ಗ್ರಾಹಕರಿಗೆ ಒಬ್ಬೊಬ್ಬರಿಗೇ ಕಳುಹಿಸಬೇಕು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು ಹಿಟ್ಟು ಮಾಡಿಸಲು ಬಂದಾಗ ಯಂತ್ರ ನಿಲ್ಲಿಸಿ, ನಿಮ್ಮ ಫೋನಿನಲ್ಲೇ ತೋರಿಸಿ.